ಮಾತ್ರೆಗೆ ಯಾವ ಊರಿನ ಬೆಳಗು?

ಮಗಳ ಬಾಣಂತನಕ್ಕೆಂದು ಅಮೆರಿಕಕ್ಕೆ ಹೊರಡುವ ಅಮ್ಮಂದಿರ ಸೂಟ್‌ಕೇಸಿನ ಬಗ್ಗೆ ಮನೆಮಂದಿಗೆಲ್ಲ ಕಾಳಜಿ. ಮೆಂತ್ಯದ ಹಿಟ್ಟು ಬಿಡುತ್ತಾರೋ, ಅಂಟಿನುಂಡೆ ಬಿಡುತ್ತಾರೋ, ಹಪ್ಪಳ ಪುಡಿಯಾಗದಂತೆ ಎಲ್ಲಿಡುವುದು ಎಂದು ವಾರಗಟ್ಟಲೆ ಚರ್ಚೆ ನಡೆಯುತ್ತದೆ. ದಿನಾ ಬೆಳಿಗ್ಗೆ ನುಂಗುವ ಮಾತ್ರೆಯ ವಿಷಯ ನೆನಪಾಗುವುದು ಕೊನೆಯ ವಾರದಲ್ಲಿ. ಆಗ ಮೆಡಿಕಲ್ ಸ್ಟೋರಿಗೆ ಓಡಿ ನಾಲ್ಕಾರು ಬಾಟಲಿ ತಂದು ಚೀಲಕ್ಕೆ ತುರುಕಿದರೆ ಆಯಿತು.

ಮೈಸೂರಿನ ಒಬ್ಬ ನಿವೃತ್ತ ಶಿಕ್ಷಕಿ ಹಾಗೆ ಮಾಡಲಿಲ್ಲ. ಟಿಕೆಟ್ ಕೈಗೆ ಬಂದ ಮೇಲೆ, ಹೊರಡಲು ಇನ್ನೂ ಎರಡು ತಿಂಗಳು ಇರುವಾಗಲೇ ತಮ್ಮ ವೈದ್ಯರಿಗೆ ಒಂದು ಪತ್ರ ಬರೆದರು. ಕ್ಲಿನಿಕ್ಕಿನ ನೂಕುನುಗ್ಗಲಿನಲ್ಲಿ ಎಲ್ಲವನ್ನೂ ಕೇಳಲಾಗದು, ಕೇಳಿದರೂ ಮನೆಗೆ ಬರುವಷ್ಟರಲ್ಲಿ ಮರೆತುಹೋಗುತ್ತದೆ ಎಂಬುದು ಅವರ ಅನುಭವ. ಪತ್ರದ ಮುಖ್ಯಭಾಗ ಹೀಗಿತ್ತು:

"ಡಾಕ್ಟರಿಗೆ ನಮಸ್ಕಾರಗಳು. ಅಕ್ಟೋಬರ್ ಎರಡನೇ ವಾರ ಮಗಳ ಮನೆಗೆ, ಕ್ಯಾಲಿಫೋರ್ನಿಯಾಕ್ಕೆ ಹೊರಟಿದ್ದೇನೆ. ಐದೂವರೆ ತಿಂಗಳು ಅಲ್ಲಿರುತ್ತೇನೆ. ತಾವು ಬರೆದುಕೊಟ್ಟ 75ರ ಥೈರಾಯ್ಡ್ ಮಾತ್ರೆಯನ್ನು ಬೆಳಿಗ್ಗೆ ಆರಕ್ಕೆ, ಕಾಫಿಗೆ ಮುಂಚೆ, ಒಂದು ದಿನವೂ ತಪ್ಪಿಸಿಲ್ಲ. ನಮ್ಮ ಬೆಳಗಿನ ಆರು ಅಂದರೆ ಅಲ್ಲಿ ಹಿಂದಿನ ದಿನದ ಸಂಜೆ ಐದೂವರೆಯಂತೆ. ಆ ಹೊತ್ತಿಗೆ ಹೊಟ್ಟೆ ಖಾಲಿ ಇರುವುದು ಹೇಗೆ? ಮಾತ್ರೆಗೆ ಯಾವ ಊರಿನ ಬೆಳಗನ್ನು ಲೆಕ್ಕ ಹಿಡಿಯಲಿ? ವಿಮಾನದಲ್ಲಿ ಒಂದೂವರೆ ದಿನ ಹೋಗುತ್ತದೆ, ನಡುವೆ ಯಾವಾಗ ನುಂಗಲಿ? ಎಷ್ಟು ಬಾಟಲಿ ಒಯ್ಯಬಹುದು? ಅಲ್ಲಿಯವರು ತಡೆದು ಕೇಳಿದರೆ ಯಾವ ಕಾಗದ ತೋರಿಸಲಿ?"

ಪತ್ರದ ಅರ್ಧಕ್ಕಿಂತ ಹೆಚ್ಚು ಭಾಗ ಗಡಿಯಾರದ ಚಿಂತೆ. ಬಾಟಲಿ ಮತ್ತು ಕಾಗದದ ಪ್ರಶ್ನೆ ಕೊನೆಯ ಎರಡು ಸಾಲಿನಲ್ಲಿ. ವೈದ್ಯರು ಪತ್ರ ಓದಿ ಕರೆಸಿಕೊಂಡಾಗ ಮೊದಲು ಹೇಳಿದ್ದೇ, "ಟೀಚರೇ, ನಿಮ್ಮ ಚಿಂತೆಯನ್ನು ತಿರುವುಮುರುವು ಮಾಡಿಕೊಳ್ಳಿ" ಎಂದು.

ಈ ಮಾತ್ರೆಯ ಹೆಸರು ಲಿವೊಥೈರಾಕ್ಸಿನ್. ಥೈರಾಯ್ಡ್ ಗ್ರಂಥಿ ಸಾಕಷ್ಟು ಹಾರ್ಮೋನು ಸುರಿಸದೆ ಹೋದಾಗ ಹೊರಗಿನಿಂದ ಕೊಡುವ ಅದೇ ಹಾರ್ಮೋನು ಇದು. ಥೈರೊನಾರ್ಮ್, ಎಲ್ಟ್ರಾಕ್ಸಿನ್ ಎಂದೆಲ್ಲ ನಮ್ಮ ಅಂಗಡಿಗಳಲ್ಲಿ ಸಿಗುವುದು ಇದೇ. ನೋವಿನ ಮಾತ್ರೆಯಂತೆ ನುಂಗಿ ಗಂಟೆಯೊಳಗೆ ಕೆಲಸ ಮಾಡಿ ಸಂಜೆಗೆ ಖಾಲಿಯಾಗುವ ಜಾತಿಯದಲ್ಲ. ರಕ್ತದಲ್ಲಿರುವ ಈ ಹಾರ್ಮೋನು ಅರ್ಧಕ್ಕೆ ಇಳಿಯಲು ಸುಮಾರು ಏಳು ದಿನ ಬೇಕು. ಮನೆಯ ಮೇಲಿನ ನೀರಿನ ಟ್ಯಾಂಕ್ ಇದ್ದಂತೆ: ದಿನಾ ಒಂದಿಷ್ಟು ತುಂಬುತ್ತೇವೆ, ದಿನಾ ಒಂದಿಷ್ಟು ಖರ್ಚಾಗುತ್ತದೆ, ಮೋಟಾರು ಬೆಳಿಗ್ಗೆ ಹಾಕಿದರೂ ಮಧ್ಯಾಹ್ನ ಹಾಕಿದರೂ ಅಡುಗೆಮನೆಯ ನಲ್ಲಿಗೆ ಅದು ಗೊತ್ತೇ ಆಗುವುದಿಲ್ಲ.

ಲೆಕ್ಕ ಹಾಕಿ ನೋಡಿದರೆ, ಒಂದು ಮಾತ್ರೆ ಏಳೆಂಟು ಗಂಟೆ ತಡವಾದರೆ ರಕ್ತದ ಮಟ್ಟದಲ್ಲಿ ಆಗುವ ವ್ಯತ್ಯಾಸ ನೂರಕ್ಕೆ ಮೂರರಷ್ಟು. ಇಡೀ ಒಂದು ದಿನ ತಪ್ಪಿದರೂ ಹತ್ತರಲ್ಲೊಂದು ಪಾಲು ಇಳಿಯುತ್ತದೆ ಅಷ್ಟೆ. ಇಷ್ಟು ಏರಿಳಿತ ದೇಹಕ್ಕೆ ತಿಳಿಯುವುದೇ ಇಲ್ಲ. ಪ್ರಯಾಣದ ಸುಸ್ತು, ನಿದ್ದೆಗೆಟ್ಟ ತಲೆಭಾರ ಇವನ್ನೆಲ್ಲ "ಮಾತ್ರೆ ಹೊತ್ತು ತಪ್ಪಿತು, ಅದಕ್ಕೇ" ಎಂದು ಥೈರಾಯ್ಡಿನ ಲೆಕ್ಕಕ್ಕೆ ಬರೆಯುವವರು ಬಹಳ ಮಂದಿ. ಅದು ಬರೀ ಜೆಟ್ ಲ್ಯಾಗ್.

ಹಾಗಾದರೆ ಬೆಳಿಗ್ಗೆ ಆರಕ್ಕೇ ಎಂಬ ಕಟ್ಟುನಿಟ್ಟು ಯಾಕೆ? ಕಟ್ಟುನಿಟ್ಟು ಇರುವುದು ಗಂಟೆಯ ಮೇಲಲ್ಲ, ಹೊಟ್ಟೆಯ ಮೇಲೆ. ಹೊಟ್ಟೆಯಲ್ಲಿ ಆಹಾರವಿದ್ದರೆ, ಕಾಫಿ ಇದ್ದರೆ, ಮಾತ್ರೆ ಸರಿಯಾಗಿ ರಕ್ತಕ್ಕೆ ಸೇರುವುದಿಲ್ಲ. ಬರೀ ನೀರಿನಲ್ಲಿ ನುಂಗಿ ಅರ್ಧದಿಂದ ಒಂದು ಗಂಟೆ ಬಿಟ್ಟು ಕಾಫಿ, ತಿಂಡಿ. ನಮ್ಮ ಹೊಟ್ಟೆ ನಿಶ್ಚಿತವಾಗಿ ಖಾಲಿ ಇರುವುದು ಬೆಳಿಗ್ಗೆ, ಆದ್ದರಿಂದ ಬೆಳಿಗ್ಗೆ. ನೆದರ್ಲೆಂಡ್ಸಿನ ಸಂಶೋಧಕರು 2010ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ರಾತ್ರಿ ಮಲಗುವಾಗ ಇದೇ ಮಾತ್ರೆ ತೆಗೆದುಕೊಂಡವರ ಫಲಿತಾಂಶ ಬೆಳಿಗ್ಗೆಯದಕ್ಕಿಂತ ತುಸು ಚೆನ್ನಾಗಿಯೇ ಇತ್ತು. ಆದರೆ ರಾತ್ರಿಯ ಮಾತ್ರೆಗೆ ಊಟವಾಗಿ ಮೂರು ಗಂಟೆಯಾದರೂ ಕಳೆದಿರಬೇಕು. ಒಂಬತ್ತೂವರೆಗೆ ಸಾರನ್ನ ಉಂಡು ಹತ್ತಕ್ಕೆ ಮಲಗುವ ಮನೆಗಳಲ್ಲಿ ಅದು ನಡೆಯುವ ಮಾತಲ್ಲ. ಜೊತೆಗೆ ನಮ್ಮ ಶಿಕ್ಷಕಿಗೆ ರಾತ್ರಿ ಊಟದ ನಂತರ ಕ್ಯಾಲ್ಸಿಯಂ ಮಾತ್ರೆಯೂ ಇತ್ತು. ಕ್ಯಾಲ್ಸಿಯಂ, ಕಬ್ಬಿಣದ ಮಾತ್ರೆ, ಎದೆಯುರಿಗೆ ಕುಡಿಯುವ ಆಂಟಾಸಿಡ್ ಇವೆಲ್ಲ ಕರುಳಿನಲ್ಲೇ ಥೈರಾಕ್ಸಿನ್ ಅನ್ನು ಹಿಡಿದುಕೊಂಡುಬಿಡುತ್ತವೆ. ನಾಲ್ಕು ಗಂಟೆ ಅಂತರ ಬೇಕೇ ಬೇಕು. ಹೀಗಾಗಿ ಬೆಳಗಿನ ಪದ್ಧತಿಯೇ ಇರಲಿ ಎಂದಾಯಿತು.

ಯಾವ ಊರಿನ ಬೆಳಗು ಎಂಬ ಪ್ರಶ್ನೆಗೆ ವೈದ್ಯರ ಉತ್ತರ ಸರಳ: ನೀವು ಯಾವ ಊರಿನಲ್ಲಿ ಏಳುತ್ತೀರೋ ಆ ಊರಿನದು. ನಡುವಿನ ಪ್ರಯಾಣಕ್ಕೆ ಒಂದೇ ಸೂತ್ರ, ಒಂದು ತಾರೀಖಿಗೆ ಒಂದು ಮಾತ್ರೆ.

ಅದನ್ನು ಅವರ ಟಿಕೆಟ್ಟಿಗೇ ಹೊಂದಿಸಿ ನೋಡೋಣ. ಗುರುವಾರ ಬೆಳಿಗ್ಗೆ ಆರಕ್ಕೆ ಎಂದಿನಂತೆ ಮೈಸೂರಿನಲ್ಲಿ ಮಾತ್ರೆ. ರಾತ್ರಿ ಬೆಂಗಳೂರು ವಿಮಾನ ನಿಲ್ದಾಣ, ಶುಕ್ರವಾರ ನಸುಕಿನ ಮೂರಕ್ಕೆ ವಿಮಾನ. ಹತ್ತಿ ಕುಳಿತ ಗಂಟೆಯೊಳಗೆ ಊಟ ಕೊಡುತ್ತಾರೆ, ಆದ್ದರಿಂದ ನಮ್ಮ ಬೆಳಗಿನ ಆರಕ್ಕೆ ನುಂಗಿ ಪ್ರಯೋಜನವಿಲ್ಲ. ಇಳಿಯುವುದು ಫ್ರಾಂಕ್‌ಫರ್ಟಿನಲ್ಲಿ, ಅಲ್ಲಿಯ ಗಡಿಯಾರದಲ್ಲಿ ಬೆಳಿಗ್ಗೆ ಒಂಬತ್ತೂವರೆ, ನಮ್ಮದರಲ್ಲಿ ಮಧ್ಯಾಹ್ನ ಒಂದು. ಇಳಿಯುವ ಮೊದಲು ತಿಂಡಿ ಬರುತ್ತದೆ. ಅದಕ್ಕೆ ಒಂದು ಗಂಟೆ ಮುಂಚೆ, ನಮ್ಮ ಹನ್ನೊಂದರ ಹೊತ್ತಿಗೆ, ನಿದ್ದೆಯಿಂದ ಎದ್ದು ನೀರು ಕೇಳಿ ಮಾತ್ರೆ ನುಂಗುವುದು. ಅದು ಶುಕ್ರವಾರದ ಪಾಲು. ಅಲ್ಲಿಂದ ಇನ್ನೊಂದು ವಿಮಾನ ಹಿಡಿದು ಸ್ಯಾನ್ ಫ್ರಾನ್ಸಿಸ್ಕೊ ತಲುಪುವಾಗ ಅಲ್ಲಿ ಇನ್ನೂ ಶುಕ್ರವಾರ ಮಧ್ಯಾಹ್ನ ನಾಲ್ಕು ಗಂಟೆ, ಮೈಸೂರಿನಲ್ಲಿ ಶನಿವಾರ ನಸುಕು. ಇಲ್ಲಿ ಶನಿವಾರ ಹುಟ್ಟಿದೆಯಲ್ಲ ಎಂದು ಮತ್ತೊಂದು ನುಂಗಬೇಕಿಲ್ಲ. ಮಗಳ ಮನೆಯಲ್ಲಿ ಮಲಗಿ, ಶನಿವಾರ ಬೆಳಿಗ್ಗೆ ಎದ್ದಾಗ ಮುಂದಿನದು. ಎರಡು ಮಾತ್ರೆಗಳ ನಡುವೆ ಇಪ್ಪತ್ತನಾಲ್ಕರ ಬದಲು ಮೂವತ್ತೊಂದೂವರೆ ಗಂಟೆ ಆಯಿತು. ಮೊದಲು ಹೇಳಿದ ನೂರಕ್ಕೆ ಮೂರರ ವ್ಯತ್ಯಾಸ ಇದೇ.

ನವೆಂಬರಿನ ಮೊದಲ ಭಾನುವಾರ ಅಮೆರಿಕದವರು ಗಡಿಯಾರವನ್ನು ಒಂದು ಗಂಟೆ ಹಿಂದಕ್ಕೆ ತಿರುಗಿಸುತ್ತಾರೆ, ಆಗ ಅಂತರ ಹನ್ನೆರಡೂವರೆಯಿಂದ ಹದಿಮೂರೂವರೆ ಗಂಟೆಯಾಗುತ್ತದೆ. ಮೈಸೂರಿಗೆ ಫೋನು ಮಾಡಲು ಅದು ನೆನಪಿರಲಿ, ಮಾತ್ರೆಗೆ ಬೇಕಿಲ್ಲ.

ಒಂದು ಎಚ್ಚರಿಕೆ ಮಾತ್ರ ಹೇಳಲೇಬೇಕು. ಈ ಧಾರಾಳ ಲಿವೊಥೈರಾಕ್ಸಿನ್‌ಗೆ ಸೀಮಿತ. ಥೈರಾಯ್ಡ್ ಅತಿಯಾಗಿ ಕೆಲಸ ಮಾಡುವವರು ತೆಗೆದುಕೊಳ್ಳುವ ಕಾರ್ಬಿಮಜೋಲ್ ಬೇರೆಯೇ ಔಷಧಿ. ಗರ್ಭಿಣಿಯರು, ಥೈರಾಯ್ಡ್ ಕ್ಯಾನ್ಸರಿನ ಚಿಕಿತ್ಸೆ ಪಡೆದವರು, ಹೃದ್ರೋಗವಿರುವವರು ತಮ್ಮ ವೈದ್ಯರನ್ನೇ ಕೇಳಿ ಲೆಕ್ಕ ಹಾಕಿಸಿಕೊಳ್ಳಬೇಕು.

ಇನ್ನು ಬಾಟಲಿಯ ಪ್ರಶ್ನೆ. ತೊಡಕು ಇರುವುದೇ ಇಲ್ಲಿ. ಅಮೆರಿಕದ ಆಹಾರ ಮತ್ತು ಔಷಧಿ ಆಡಳಿತ ಸಂಸ್ಥೆಯ ಪ್ರಕಾರ ಹೊರದೇಶದಿಂದ ಬರುವ ಪ್ರಯಾಣಿಕರು ಸ್ವಂತ ಬಳಕೆಗೆ ಸಾಮಾನ್ಯವಾಗಿ 90 ದಿನಕ್ಕೆ ಸಾಲುವಷ್ಟು ಔಷಧಿ ತರಬಹುದು. ಅದು ಅಂಗಡಿಯಿಂದ ಕೊಂಡ ಮೂಲ ಬಾಟಲಿಯಲ್ಲೇ ಇರಬೇಕು, ಜೊತೆಗೆ ಇಂಗ್ಲಿಷಿನಲ್ಲಿ ವೈದ್ಯರ ಚೀಟಿ ಅಥವಾ ಪತ್ರ ಇರಬೇಕು. ಐದೂವರೆ ತಿಂಗಳೆಂದರೆ 165 ದಿನ. ಅಂದರೆ ಸುಮಾರು ಅರ್ಧ ಮಾತ್ರೆಗಳಷ್ಟೇ ಈ ಮಿತಿಯೊಳಗೆ ಬರುತ್ತವೆ. ಆರು ತಿಂಗಳ ಮಾತ್ರೆ ಒಯ್ದು ಯಾರೂ ಕೇಳದೆ ಹೊರಬಂದವರ ಕಥೆ ಪ್ರತಿ ಬಡಾವಣೆಯಲ್ಲೂ ಕೇಳಸಿಗುತ್ತದೆ. ಕೇಳಿದಾಗ ಬಿಡುವುದು ಬಿಡದಿರುವುದು ಎದುರಿಗಿರುವ ಅಧಿಕಾರಿಗೆ ಸೇರಿದ್ದು ಎಂಬುದನ್ನು ಆ ಕಥೆಗಳು ಹೇಳುವುದಿಲ್ಲ.

ವೈದ್ಯರು ಸೂಚಿಸಿದ ಉಪಾಯ ಚೆನ್ನಾಗಿದೆ. ಈ ಮಾತ್ರೆ ನಮ್ಮಲ್ಲಿ ಸಾಮಾನ್ಯವಾಗಿ 100 ಅಥವಾ 120ರ ಬಾಟಲಿಯಲ್ಲಿ ಬರುತ್ತದೆ. ಹೊರಡುವುದಕ್ಕೆ ಒಂದು ತಿಂಗಳಿರುವಾಗ 120ರ ಹೊಸ ಬಾಟಲಿ ಒಡೆದು ಅದರಿಂದಲೇ ದಿನಾ ತೆಗೆದುಕೊಳ್ಳುತ್ತ ಬಂದರೆ, ವಿಮಾನ ಹತ್ತುವ ದಿನ ಅದರಲ್ಲಿ ಹೆಚ್ಚುಕಡಿಮೆ ತೊಂಬತ್ತು ಉಳಿದಿರುತ್ತವೆ. ಮೂಲ ಬಾಟಲಿ, ಮೂಲ ಲೇಬಲ್ಲು, ನಿಯಮದ ಒಳಗಿನ ಸಂಖ್ಯೆ. ಕೊಳ್ಳುವಾಗ ಅವಧಿ ಮುಗಿಯುವ ತಿಂಗಳನ್ನೂ ನೋಡಿಕೊಂಡಿರಬೇಕು, ವಾಪಸು ಬಂದ ಮೇಲೂ ಒಂದಷ್ಟು ಕಾಲ ಉಳಿಯುವಂಥದ್ದಿರಲಿ. ಬಾಟಲಿ ಕೈಚೀಲದಲ್ಲಿ. ಚೆಕ್‌ಇನ್ ಸೂಟ್‌ಕೇಸು ಫ್ರಾಂಕ್‌ಫರ್ಟಿನಲ್ಲೇ ಉಳಿದುಹೋದರೆ ಹಪ್ಪಳಕ್ಕೆ ಕಾಯಬಹುದು, ಮಾತ್ರೆಗೆ ಕಾಯಬೇಕಾಗಿ ಬರಬಾರದು.

ಉಳಿದ ಎಪ್ಪತ್ತೈದು ದಿನಗಳ ಮಾತು? ಮೂರು ತಿಂಗಳಿಗಿಂತ ಹೆಚ್ಚು ಇರುವವರು ಊರಿನಿಂದ ಅಂಚೆಯಲ್ಲಿ ತರಿಸಿಕೊಳ್ಳಲು ಅವಕಾಶವಿದೆ. ಪೊಟ್ಟಣದ ಜೊತೆ ಪಾಸ್‌ಪೋರ್ಟ್ ಮತ್ತು ವೀಸಾದ ಪ್ರತಿ, ವೈದ್ಯರ ಪತ್ರದ ಪ್ರತಿ, ಔಷಧಿ ಚೀಟಿಯ ಪ್ರತಿ ಇರಬೇಕು. ಆದರೆ ಪೊಟ್ಟಣ ಕಸ್ಟಮ್ಸಿನಲ್ಲಿ ಎಷ್ಟು ದಿನ ಕೂರುತ್ತದೆಂದು ಹೇಳುವವರಿಲ್ಲ. ನಮ್ಮವರ ರೂಢಿ ಇನ್ನೊಂದು: ಊರಿನಿಂದ ಯಾರಾದರೂ ಹೊರಟಿದ್ದಾರೆಂದರೆ ಅವರ ಕೈಗೆ ಕೊಟ್ಟು ಕಳಿಸುವುದು. ಸ್ವಂತ ಬಳಕೆಗೆ ಎಂಬ ಅವಕಾಶ ಹೊತ್ತು ತರುವವರ ಸ್ವಂತ ಔಷಧಿಗೆ ಮಾತ್ರ. ಬೇರೆಯವರ ಹೆಸರಿನ ಚೀಟಿಯಿರುವ ಬಾಟಲಿ ಹಿಡಿದು ನಿಂತವರು ಉತ್ತರ ಹೇಳಲು ತಡವರಿಸುತ್ತಾರೆ. ಇದು ತಿರುಗಿಯೂ ಅನ್ವಯಿಸುತ್ತದೆ. "ನಮ್ಮ ಮಗನಿಗೆ ಇದೊಂದು ಕೆಮ್ಮಿನ ಸಿರಪ್, ಇದೊಂದು ನೋವಿನ ಮಾತ್ರೆ" ಎಂದು ಪಕ್ಕದ ಮನೆಯವರು ಕೊಟ್ಟದ್ದರಲ್ಲಿ ಕೊಡೀನ್ ಅಥವಾ ಟ್ರಮಡಾಲ್ ಇರಬಹುದು. ದುಬೈ ಮುಂತಾದ ಕಡೆ ಇವು ಮೊದಲೇ ಅನುಮತಿ ಬೇಕಾಗುವ ನಿಯಂತ್ರಿತ ಔಷಧಿಗಳು. ಥೈರಾಯ್ಡ್ ಮಾತ್ರೆ ಯಾರನ್ನೂ ಜೈಲಿಗೆ ಕಳಿಸುವುದಿಲ್ಲ. ಅದರ ಪಕ್ಕದಲ್ಲಿ ಕುಳಿತ ಬೇರೆ ಮಾತ್ರೆ ಕಳಿಸಬಹುದು.

ಶಿಕ್ಷಕಿ ಆರಿಸಿಕೊಂಡದ್ದು ಮೂರನೆಯ ದಾರಿ. ಜನವರಿ ಎರಡನೇ ವಾರಕ್ಕೆ ಬಾಟಲಿ ಖಾಲಿಯಾಗುತ್ತದೆ, ಆದ್ದರಿಂದ ಡಿಸೆಂಬರಿನಲ್ಲೇ ಮಗಳ ಊರಿನ ವೈದ್ಯರೊಬ್ಬರನ್ನು ಕಂಡು ಅಲ್ಲಿಯ ಚೀಟಿ ಪಡೆಯುವುದು. ಈ ಮಾತ್ರೆಯ ಜನರಿಕ್ ರೂಪ ಅಮೆರಿಕದಲ್ಲೂ ಅಗ್ಗವೇ, ದುಬಾರಿಯಾಗುವುದು ವೈದ್ಯರ ಭೇಟಿ. ಪ್ರವಾಸಿಗಳ ವಿಮೆ ಮೊದಲೇ ಇರುವ ಕಾಯಿಲೆಯ ಮಾಮೂಲು ಖರ್ಚನ್ನು ಸಾಮಾನ್ಯವಾಗಿ ಕೊಡುವುದಿಲ್ಲ, ಆ ಹಣವನ್ನು ಲೆಕ್ಕದಲ್ಲಿಟ್ಟುಕೊಂಡೇ ಹೊರಡಬೇಕು. ಅಲ್ಲಿಯ ಮಾತ್ರೆ ಕಂಡು ಬೆಚ್ಚಬಾರದೆಂದೂ ವೈದ್ಯರು ಹೇಳಿದರು. ಅಮೆರಿಕದಲ್ಲಿ ಒಂದೊಂದು ಪ್ರಮಾಣಕ್ಕೆ ಒಂದೊಂದು ಬಣ್ಣ: 50 ಬಿಳಿ, 75 ನೇರಳೆ, 100 ಹಳದಿ. ಕಂಪನಿ ಬದಲಾದಾಗ ದೇಹ ಹೀರಿಕೊಳ್ಳುವ ಪ್ರಮಾಣ ಸ್ವಲ್ಪ ಆಚೀಚೆಯಾಗಬಹುದು. ಅದಕ್ಕೆ ಆರರಿಂದ ಎಂಟು ವಾರ ಬಿಟ್ಟು ಟಿಎಸ್‌ಎಚ್ ಪರೀಕ್ಷೆ ಮಾಡಿಸಿದರೆ ಸಾಕು, ಅದು ಮೈಸೂರಿಗೆ ಬಂದ ಮೇಲೂ ಆದೀತು.

ಕಾಗದಗಳಲ್ಲಿ ಮೊದಲ ಮುಗ್ಗರಿಕೆ ಹೆಸರಿನದು. ಕ್ಲಿನಿಕ್ಕಿನ ಚೀಟಿಯಲ್ಲಿ ಇನಿಷಿಯಲ್ಲು ಮತ್ತು ಕರೆಯುವ ಹೆಸರು ಇತ್ತು. ಪಾಸ್‌ಪೋರ್ಟಿನಲ್ಲಿ ಇನಿಷಿಯಲ್ಲನ್ನು ಬಿಡಿಸಿ ತಂದೆಯ ಪೂರ್ತಿ ಹೆಸರನ್ನು ಉಪನಾಮದ ಜಾಗಕ್ಕೆ ಹಾಕಲಾಗಿತ್ತು. ಮೈಸೂರಿನಲ್ಲಿ ಎರಡೂ ಒಬ್ಬರೇ ಎಂದು ಯಾರಿಗಾದರೂ ಗೊತ್ತಾಗುತ್ತದೆ, ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಇಬ್ಬರು ಬೇರೆ ಬೇರೆ ಹೆಂಗಸರು. ನಮ್ಮ ಬಾಟಲಿಗಳ ಮೇಲೆ ರೋಗಿಯ ಹೆಸರನ್ನು ಅಂಟಿಸುವ ಪದ್ಧತಿಯೂ ಇಲ್ಲ. ಆದ್ದರಿಂದ ಈ ಬಾಟಲಿ ನನ್ನದು ಎಂದು ಹೇಳಲು ಇರುವ ಏಕೈಕ ಸಾಕ್ಷಿ ಆ ಚೀಟಿ ಮತ್ತು ವೈದ್ಯರ ಪತ್ರ.

ವೈದ್ಯರು ತಮ್ಮ ಲೆಟರ್‌ಹೆಡ್ಡಿನಲ್ಲಿ ಇಂಗ್ಲಿಷಿನಲ್ಲಿ ಟೈಪು ಮಾಡಿಸಿಕೊಟ್ಟ ಪತ್ರ ಒಂದು ಪುಟವನ್ನೂ ತುಂಬಲಿಲ್ಲ. ಪಾಸ್‌ಪೋರ್ಟಿನಲ್ಲಿ ಇರುವಂತೆಯೇ ಹೆಸರು, ಹುಟ್ಟಿದ ದಿನ, ಪಾಸ್‌ಪೋರ್ಟ್ ಸಂಖ್ಯೆ. ಕಾಯಿಲೆ ಹೈಪೊಥೈರಾಯ್ಡಿಸಮ್, ಜೀವನಪರ್ಯಂತ ಔಷಧಿ ಬೇಕು. ಔಷಧಿಯ ಮೂಲ ಹೆಸರು ಲಿವೊಥೈರಾಕ್ಸಿನ್ ಸೋಡಿಯಂ, ಪಕ್ಕದಲ್ಲಿ ಇಲ್ಲಿಯ ಕಂಪನಿ ಹೆಸರು, ದಿನಕ್ಕೊಂದು, ಒಯ್ಯುತ್ತಿರುವುದು 90 ಮಾತ್ರೆ. ಇದು ಮಾದಕವಸ್ತುವಲ್ಲ ಎಂದು ಒಂದು ಸಾಲು. ಕೊನೆಗೆ ಸಹಿ, ಮೊಹರು, ವೈದ್ಯರ ನೋಂದಣಿ ಸಂಖ್ಯೆ, ದೂರವಾಣಿ. ಕಂಪನಿ ಹೆಸರನ್ನಷ್ಟೇ ಬರೆದರೆ ಹೊರದೇಶದ ಫಾರ್ಮಸಿಯವರಿಗೆ ತಲೆಬುಡ ತಿಳಿಯದು, ಮೂಲ ಹೆಸರು ಎಲ್ಲ ದೇಶಗಳಲ್ಲೂ ಒಂದೇ.

ಆ ಪತ್ರದಲ್ಲಿ ವೈದ್ಯರು ಎರಡು ಸಲ ಓದಿ ನೋಡಿದ್ದು ಒಂದೇ ಜಾಗವನ್ನು: ಪ್ರಮಾಣ. 75 ಎಂದರೆ 75 ಮೈಕ್ರೊಗ್ರಾಂ. ಅದನ್ನೇ ಮಿಲಿಗ್ರಾಂನಲ್ಲಿ ಬರೆದರೆ 0.075. ಅಮೆರಿಕದ ಲೇಬಲ್ಲುಗಳ ಮೇಲೆ ಎರಡೂ ರೀತಿ ಕಾಣಬಹುದು. ಕೈಬರಹದಲ್ಲಿ ಒಂದು ಸೊನ್ನೆ ಬಿಟ್ಟುಹೋಗಿ 0.75 ಆಯಿತೋ, ಅದು ಹತ್ತು ಪಟ್ಟು. ಮೈಕ್ರೊವನ್ನು ಸೂಚಿಸುವ ಗ್ರೀಕ್ ಅಕ್ಷರವನ್ನು ಅವಸರದಲ್ಲಿ ಗೀಚಿದರೆ ಮಿಲಿಯಂತೆ ಕಾಣುತ್ತದೆ. ಆದ್ದರಿಂದಲೇ ಟೈಪು, ಅದೂ ಮೈಕ್ರೊಗ್ರಾಂ ಎಂದು ಪೂರ್ತಿ ಪದ.

ಅಮೆರಿಕದ ಲೆಕ್ಕ ಎಲ್ಲ ಕಡೆ ನಡೆಯುವುದಿಲ್ಲ. ಆಸ್ಟ್ರೇಲಿಯಾ ಮತ್ತು ಸಿಂಗಪುರಗಳಲ್ಲಿ ಇಂಥ ಔಷಧಿಗೆ ಮಿತಿ ಮೂರು ತಿಂಗಳು. ಜಪಾನಿನಲ್ಲಿ ಒಂದೇ ತಿಂಗಳು, ಅದಕ್ಕಿಂತ ಹೆಚ್ಚು ಒಯ್ಯಬೇಕಾದರೆ ಯುನ್ಯೂ ಕಾಕುನಿನ್‌ಶೊ ಎಂಬ ಆಮದು ದೃಢೀಕರಣ ಪತ್ರವನ್ನು ಹೊರಡುವ ಮೊದಲೇ ಅರ್ಜಿ ಹಾಕಿ ಪಡೆಯಬೇಕು. ಟೋಕಿಯೊದಲ್ಲಿ ಇಳಿದ ಮೇಲೆ ಕೇಳಿಕೊಳ್ಳುತ್ತೇನೆ ಎಂದರೆ ಆಗದು.

ಕ್ಲಿನಿಕ್ಕಿನಿಂದ ಹೊರಡುವ ಮುನ್ನ ವೈದ್ಯರು ಕೇಳಿದ ಒಂದು ಪ್ರಶ್ನೆ ಪತ್ರದಲ್ಲಿ ಇರಲೇ ಇಲ್ಲ. "ಮಗಳಿಗೂ ಥೈರಾಯ್ಡ್ ಇದೆಯೇ?" ಇತ್ತು. ಗರ್ಭಿಣಿಯಾದ ಮೇಲೆ ಅವಳ ಪ್ರಮಾಣ ಹೆಚ್ಚಿಸಿ 112 ಮಾಡಿದ್ದರು, ಅದು ಎಲ್ಲೆಡೆ ಮಾಡುವ ಕ್ರಮವೇ. ಹೆರಿಗೆಯ ನಂತರ ಅದು ಮತ್ತೆ ಇಳಿಯುತ್ತದೆ. ಅಂದರೆ ಒಂದೇ ಮನೆಯಲ್ಲಿ ಒಂದೇ ಔಷಧಿಯ ಎರಡು ಬಾಟಲಿ, ಎರಡು ಪ್ರಮಾಣ, ನಡುರಾತ್ರಿ ಮಗುವಿನ ಅಳು ಕೇಳಿ ಎದ್ದ ಎರಡು ಜೋಡಿ ನಿದ್ದೆಗಣ್ಣು. ತಾಯಿಯ ಬಾಟಲಿ ಮಲಗುವ ಕೋಣೆಯಲ್ಲಿ, ಮಗಳದು ಅಡುಗೆಮನೆಯಲ್ಲಿ ಎಂದು ಅಲ್ಲೇ ತೀರ್ಮಾನವಾಯಿತು. ಅಲ್ಲಿಯ ಸ್ನಾನದ ಕೋಣೆಯ ಕನ್ನಡಿ ಕಪಾಟು ಮಾತ್ರ ಬೇಡ, ಬಿಸಿನೀರಿನ ಹಬೆಗೆ ಈ ಮಾತ್ರೆ ಶಕ್ತಿ ಕಳೆದುಕೊಳ್ಳುತ್ತದೆ. ಬಾಣಂತಿಗೆ ಕೊಡುವ ಕಬ್ಬಿಣದ ಮಾತ್ರೆಯನ್ನೂ, ಅಮ್ಮನಿಗೆ ಕೂದಲು ಉದುರುತ್ತದೆಂದು ಮಗಳು ಪ್ರೀತಿಯಿಂದ ತಂದಿಡುವ ಬಯೋಟಿನ್ ಗುಳಿಗೆಯನ್ನೂ ವೈದ್ಯರು ಹೆಸರು ಹಿಡಿದು ಹೇಳಿದರು. ಕಬ್ಬಿಣ ಮಾತ್ರೆಯನ್ನು ಕೆಡಿಸುತ್ತದೆ, ಬಯೋಟಿನ್ ಪರೀಕ್ಷೆಯನ್ನು ಕೆಡಿಸುತ್ತದೆ. ಕೆಲವು ಪ್ರಯೋಗಾಲಯಗಳ ವಿಧಾನದಲ್ಲಿ ಹೆಚ್ಚು ಪ್ರಮಾಣದ ಬಯೋಟಿನ್ ಟಿಎಸ್‌ಎಚ್ ಅನ್ನು ಇರುವುದಕ್ಕಿಂತ ಕಡಿಮೆ ತೋರಿಸಿ, ಸರಿಯಾಗಿರುವ ಔಷಧಿಯನ್ನು ಸುಮ್ಮನೆ ಇಳಿಸುವಂತೆ ಮಾಡುತ್ತದೆ. ರಕ್ತ ಕೊಡುವ ಎರಡು ದಿನ ಮೊದಲಾದರೂ ಅದನ್ನು ನಿಲ್ಲಿಸಬೇಕು.

ಅವರ ಟಿಎಸ್‌ಎಚ್ ನೋಡಿ ವರ್ಷದ ಮೇಲಾಗಿತ್ತು. ಮರುದಿನವೇ ಪರೀಕ್ಷೆ ಮಾಡಿಸಿದರು, ಫಲಿತಾಂಶ ಸರಿಯಾಗಿತ್ತು, 75 ಹಾಗೆಯೇ ಉಳಿಯಿತು. ಪ್ರಮಾಣ ಬದಲಿಸಬೇಕಾಗಿ ಬಂದಿದ್ದರೂ ಅದು ಹೊಂದಿತೋ ಇಲ್ಲವೋ ಎಂದು ಮತ್ತೊಮ್ಮೆ ನೋಡಲು ಬೇಕಾದ ಆರರಿಂದ ಎಂಟು ವಾರ ಅವರ ಕೈಯಲ್ಲಿತ್ತು. ನಿಮ್ಮ ಮನೆಯಿಂದಲೂ ಯಾರಾದರೂ ಹೊರಡುವುದಿದ್ದರೆ ವೈದ್ಯರಿಗೆ ಪತ್ರವನ್ನು ಟಿಕೆಟ್ ಆದ ವಾರವೇ ಬರೆಸಿ. ಜೊತೆಗೆ ಪಾಸ್‌ಪೋರ್ಟಿನ ಮೊದಲ ಪುಟದ ಪ್ರತಿ, ಹೋಗುವ ಬರುವ ತಾರೀಖು, ದಿನವೂ ತೆಗೆದುಕೊಳ್ಳುವ ಎಲ್ಲ ಮಾತ್ರೆಗಳ ಪಟ್ಟಿ ಇಡಿ, ಕ್ಯಾಲ್ಸಿಯಂ ಅನ್ನೂ ಬಿಡಬೇಡಿ.